ಬಾಡಿಗೆಗೆ ಮಿತಿ ಹಾಕಿದರೆ ಮನೆ ಎಲ್ಲಿ ಹೋಗುತ್ತದೆ? ಒಂದು ಚರ್ಚಾ ಭಾಷಣ ಸಿದ್ಧವಾದ ಬಗೆ

ಅಂತರಕಾಲೇಜು ಚರ್ಚಾ ಸ್ಪರ್ಧೆಯಲ್ಲಿ ನಮಗೆ ಸಿಕ್ಕಿದ ವಿಷಯ: "ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಸರ್ಕಾರ ಗರಿಷ್ಠ ಮಿತಿ ಹಾಕಬೇಕು." ನಮ್ಮ ಪಾಲಿಗೆ ಬಂದದ್ದು ವಿರೋಧದ ಕಡೆ. ಮಾತಿಗೆ ಐದು ನಿಮಿಷ, ನಾಲ್ಕನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಕೊನೆಯಲ್ಲಿ ಪ್ರತಿವಾದಕ್ಕೆ ಎರಡು ನಿಮಿಷ. ಇಂಥ ಸಭೆಯಲ್ಲಿ ಕೂತಿರುವವರಲ್ಲಿ ಬಹಳಷ್ಟು ಮಂದಿ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಇರುವವರು. ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸುವ ಕಷ್ಟ ಅವರ ಮನೆಯದೇ. ಅಂಥವರ ಮುಂದೆ ನಿಂತು "ಮಿತಿ ಬೇಡ" ಅನ್ನಬೇಕು.

ಹಾಗಾಗಿ ಬರೆಯಲು ಕೂರುವ ಮೊದಲೇ ಒಂದು ವಿಷಯ ತೀರ್ಮಾನವಾಯಿತು. ಬಾಡಿಗೆ ಹೆಚ್ಚಿಲ್ಲ ಎಂದಾಗಲೀ ಮಾಲೀಕರು ಪಾಪದವರು ಎಂದಾಗಲೀ ನಾವು ಎಲ್ಲೂ ಹೇಳುವುದಿಲ್ಲ. ಬಾಡಿಗೆ ಹೆಚ್ಚಿದೆ, ಅದು ನಿಜವಾದ ನೋವು ಎಂದು ಮೊದಲ ಅರ್ಧ ನಿಮಿಷದಲ್ಲೇ ಒಪ್ಪಿಕೊಂಡು, ಮಿತಿ ಹಾಕಿದರೆ ಆ ನೋವು ಕಡಿಮೆಯಾಗುವ ಬದಲು ಬೇರೆಯವರ ತಲೆಗೆ ಹೋಗುತ್ತದೆ, ಜೊತೆಗೆ ಬೆಳೆಯುತ್ತದೆ ಎಂದು ತೋರಿಸಬೇಕು. ಬರೀ ಮಾತಿನಲ್ಲಿ ಇದು ಸಾಧ್ಯವಿಲ್ಲ. "ಪೂರೈಕೆ ಕುಸಿಯುತ್ತದೆ" ಎಂದು ಸಾವಿರ ಸಲ ಹೇಳಿದರೂ ಕೇಳುವವರಿಗೆ ಅದು ಪಠ್ಯಪುಸ್ತಕದ ವಾಕ್ಯವಾಗಿಯೇ ಉಳಿಯುತ್ತದೆ. ಎಷ್ಟು ಮನೆ, ಎಷ್ಟು ಕುಟುಂಬ, ಎಷ್ಟು ರೂಪಾಯಿ ಎಂಬ ಲೆಕ್ಕ ಬೇಕು. ಭಾಷಣವನ್ನು ಆ ಲೆಕ್ಕದ ಸುತ್ತಲೇ ಕಟ್ಟಿದೆವು.

ಲೆಕ್ಕಕ್ಕೆ ಒಂದು ಬಡಾವಣೆ ಬೇಕಿತ್ತು. ವಿಜಯನಗರ, ಬೆಳ್ಳಂದೂರು ಎಂದು ನಿಜವಾದ ಹೆಸರು ಹಿಡಿದರೆ ಎದುರಾಳಿ "ಈ ಅಂಕಿ ಎಲ್ಲಿಂದ ತಂದಿರಿ?" ಎಂದು ಕೇಳುತ್ತಾರೆ, ಐದು ನಿಮಿಷ ಆ ಜಗಳದಲ್ಲೇ ಕಳೆಯುತ್ತದೆ. ಆದ್ದರಿಂದ ಬಡಾವಣೆಯೂ ಅಂಕಿಗಳೂ ಊಹೆಯವು ಎಂದು ನಾವೇ ಮೊದಲು ಹೇಳಿಬಿಡುವುದು ಒಳ್ಳೆಯದು. ತೋರಿಸಬೇಕಾದದ್ದು ಅಂಕಿಯನ್ನಲ್ಲ, ಅಂಕಿ ಯಾವ ದಿಕ್ಕಿಗೆ, ಯಾಕೆ ಓಡುತ್ತದೆ ಎಂಬುದನ್ನು.

ಒಂದೇ ತರಹದ ಎರಡು ಬೆಡ್‌ರೂಮಿನ ಮನೆಗಳಿರುವ ಬಡಾವಣೆ ಎಂದುಕೊಳ್ಳಿ. ಬಾಡಿಗೆಯನ್ನು ಸಾವಿರ ರೂಪಾಯಿಗಳಲ್ಲಿ ಅಳೆದರೆ ಲೆಕ್ಕ ಸಲೀಸು. ಎರಡು ಸಾಲು ಸಾಕು:

ಬೇಕೆನ್ನುವ ಕುಟುಂಬಗಳು = 16,000 − 300 × ಬಾಡಿಗೆ
ಬಾಡಿಗೆಗೆ ಸಿಗುವ ಮನೆಗಳು = 2,000 + 400 × ಬಾಡಿಗೆ

ಮೊದಲ ಸಾಲಿನ ಅರ್ಥ, ಬಾಡಿಗೆ ಸಾವಿರ ರೂಪಾಯಿ ಏರಿದಾಗಲೆಲ್ಲ 300 ಕುಟುಂಬಗಳು ಹಿಂದೆ ಸರಿಯುತ್ತವೆ: ಯಾರೋ ಅಪ್ಪ ಅಮ್ಮನ ಜೊತೆಯಲ್ಲೇ ಉಳಿಯುತ್ತಾರೆ, ಯಾರೋ ಮೂವರು ಸೇರಿ ಒಂದೇ ಮನೆ ಹಿಡಿಯುತ್ತಾರೆ, ಯಾರೋ ಕೆಂಗೇರಿ ಆಚೆ ಹೋಗುತ್ತಾರೆ. ಎರಡನೆಯದರ ಅರ್ಥ, ಸಾವಿರ ಏರಿದಾಗಲೆಲ್ಲ ಕಾಲಕ್ರಮದಲ್ಲಿ 400 ಮನೆಗಳು ಬಾಡಿಗೆಗೆ ಸೇರುತ್ತವೆ: ಖಾಲಿ ಬಿದ್ದಿದ್ದ ಮನೆಗೆ ಟು-ಲೆಟ್ ಬೋರ್ಡ್ ಬೀಳುತ್ತದೆ, ಮನೆ ಮೇಲೊಂದು ಮಹಡಿ ಏಳುತ್ತದೆ. ಎರಡೂ ಸಮವಾಗುವುದು ಬಾಡಿಗೆ 20 ಸಾವಿರ ಇದ್ದಾಗ. ಆಗ 10,000 ಕುಟುಂಬಗಳಿಗೆ ಮನೆ ಬೇಕು, 10,000 ಮನೆಗಳು ಇವೆ. ದುಬಾರಿ ಅನ್ನಿಸಬಹುದು, ಆದರೆ 20 ಸಾವಿರ ಕೊಡಲು ಸಿದ್ಧರಿರುವ ಎಲ್ಲರಿಗೂ ಮನೆ ಸಿಗುತ್ತದೆ.

ಈಗ ಸರ್ಕಾರ 16 ಸಾವಿರಕ್ಕೆ ಮಿತಿ ಹಾಕುತ್ತದೆ. ಬೇಕೆನ್ನುವವರು 16,000 − 4,800 = 11,200. ಸಿಗುವ ಮನೆಗಳು 2,000 + 6,400 = 8,400. ವ್ಯತ್ಯಾಸ 2,800. ಇದೇ ಕೊರತೆ.

ಬಹಳಷ್ಟು ಭಾಷಣಗಳು ಈ ಹಂತದಲ್ಲೇ ನಿಂತುಬಿಡುತ್ತವೆ, ಎದುರಾಳಿಗೆ ಸಿಕ್ಕಿಬೀಳುವುದೂ ಇಲ್ಲೇ. "2,800 ಮನೆ ಮಾಯವಾಯಿತು" ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಮಾಯವಾದದ್ದು 1,600 ಮನೆ, 10,000 ಹೋಗಿ 8,400 ಆದದ್ದು. ಉಳಿದ 1,200 ಎಂದರೆ ಬಾಡಿಗೆ ಇಳಿಯಿತೆಂದು ಹೊಸದಾಗಿ ಹುಡುಕಲು ಬಂದ ಕುಟುಂಬಗಳು. ಈ ಎರಡನ್ನೂ ಬಿಡಿಸಿ ಹೇಳಿದರೆ ವಾದ ದುರ್ಬಲವಾಗುವುದಿಲ್ಲ, ಇನ್ನೂ ಹರಿತವಾಗುತ್ತದೆ. ಯಾಕೆಂದರೆ ಮೊದಲು ಮನೆಯಲ್ಲಿದ್ದ 1,600 ಕುಟುಂಬಗಳು ಈಗ ಬೀದಿಯಲ್ಲಿವೆ ಎಂಬ ಮಾತು 2,800 ಎಂಬ ದೊಡ್ಡ ಅಂಕಿಗಿಂತ ಹೆಚ್ಚು ತಟ್ಟುತ್ತದೆ. ಭಾಷಣದಲ್ಲಿ ಅದು ಹೀಗೆ ಬಂತು:

"ಮಾನ್ಯ ತೀರ್ಪುಗಾರರೇ, ಮಿತಿಯಿಂದ ಯಾರಿಗೂ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ಮನೆ ಉಳಿಸಿಕೊಂಡ 8,400 ಕುಟುಂಬಗಳಿಗೆ ತಿಂಗಳಿಗೆ ನಾಲ್ಕು ಸಾವಿರ ಉಳಿಯುತ್ತದೆ. ಆದರೆ ನಿನ್ನೆಯವರೆಗೆ ಇದೇ ಬಡಾವಣೆಯಲ್ಲಿದ್ದ 1,600 ಕುಟುಂಬಗಳಿಗೆ ಇವತ್ತು ಮನೆಯೇ ಇಲ್ಲ. ಆ ನಾಲ್ಕು ಸಾವಿರವನ್ನು ಕೊಟ್ಟದ್ದು ಮಾಲೀಕರು ಮಾತ್ರವಲ್ಲ, ಇವರೂ ಕೊಟ್ಟಿದ್ದಾರೆ."

ಲಾಭವನ್ನು ನಾವೇ ಮೊದಲು ಹೇಳಿದ್ದು ಯೋಚಿಸಿಯೇ. 8,400 ಕುಟುಂಬ, ತಲಾ 4,000, ಒಟ್ಟು ತಿಂಗಳಿಗೆ 3.36 ಕೋಟಿ ರೂಪಾಯಿ: ಪರ ವಹಿಸಿದವರಿಗೆ ಇರುವ ಅತಿ ಬಲವಾದ ಅಂಕಿ ಅದು. ಅದನ್ನು ಅವರು ಹೇಳುವಾಗ ಸಭೆ ಮೊದಲ ಸಲ ಕೇಳಬಾರದು.

ಮುಂದಿನ ಪ್ರಶ್ನೆ: 1,600 ಮನೆಗಳು ಎಲ್ಲಿ ಹೋದವು? ಮನೆಯೇನು ಕಾಲು ಬಂದು ಓಡಿಹೋಗುತ್ತದೆಯೇ ಎಂದು ಎದುರಾಳಿ ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೇ. ಅದಕ್ಕೆ ಉತ್ತರವಿಲ್ಲದಿದ್ದರೆ ಮೇಲಿನ ಎರಡು ಸಾಲುಗಳು ಬರೀ ಬೀಜಗಣಿತ. ಆದ್ದರಿಂದ ಭಾಷಣದ ನಡುಭಾಗವನ್ನು ಒಬ್ಬ ಮಾಲೀಕರ ಲೆಕ್ಕಕ್ಕೆ ಕೊಟ್ಟೆವು.

ಮೂವತ್ತು ನಲವತ್ತು ಸೈಟು. ಕೆಳಗೆ ಮಾಲೀಕರ ಕುಟುಂಬವೇ ಇದೆ, ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ. 850 ಚದರಡಿ, ಚದರಡಿಗೆ 2,000 ರೂಪಾಯಿ ಎಂದರೆ ಖರ್ಚು 17 ಲಕ್ಷ. ಬ್ಯಾಂಕಿನ ಬಡ್ಡಿ ನೂರಕ್ಕೆ 9 ಎಂದಿಟ್ಟುಕೊಂಡರೆ ವರ್ಷಕ್ಕೆ 1.53 ಲಕ್ಷ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಹೋಗುತ್ತದೆ ಎಂದು 11 ತಿಂಗಳ ಬಾಡಿಗೆಯನ್ನೇ ಹಿಡಿಯೋಣ. ಕಂದಾಯ, ಸುಣ್ಣ ಬಣ್ಣ, ಮೋಟಾರು, ನಲ್ಲಿ ರಿಪೇರಿ ಸೇರಿ ವರ್ಷಕ್ಕೆ 30 ಸಾವಿರ.

ಬಾಡಿಗೆ 20 ಸಾವಿರವಾದರೆ ವರ್ಷಕ್ಕೆ 2.20 ಲಕ್ಷ ಬರುತ್ತದೆ, ಖರ್ಚು ಕಳೆದು 1.90 ಲಕ್ಷ, ಬಡ್ಡಿ ಕಟ್ಟಿದ ಮೇಲೆ 37 ಸಾವಿರ ಉಳಿಯುತ್ತದೆ. ದೊಡ್ಡ ಲಾಭವಲ್ಲ, ಆದರೂ ಕಟ್ಟಬಹುದು. 16 ಸಾವಿರವಾದರೆ 1.76 ಲಕ್ಷ ಬರುತ್ತದೆ, ಖರ್ಚು ಕಳೆದು 1.46 ಲಕ್ಷ. ಬಡ್ಡಿಗೇ 7 ಸಾವಿರ ಕಡಿಮೆ. ಅಸಲಿನ ಮಾತು ಹಾಗಿರಲಿ, ಬಡ್ಡಿಯನ್ನೇ ಕೈಯಿಂದ ಕಟ್ಟಬೇಕು. ಆ ಮಹಡಿ ಏಳುವುದಿಲ್ಲ. ಬಾಡಿಗೆ ಇಳಿದದ್ದು ಐದರಲ್ಲಿ ಒಂದು ಪಾಲು ಮಾತ್ರ, ಆದರೆ ಕಟ್ಟುವ ನಿರ್ಧಾರ ಹೌದು ಇಂದ ಅಲ್ಲಕ್ಕೆ ತಿರುಗಿತು. ಈ ಮಾತನ್ನು ನಿಧಾನವಾಗಿ ಹೇಳಬೇಕು, ಇಡೀ ಭಾಷಣದ ಕೀಲು ಇರುವುದು ಇಲ್ಲಿ.

ಮಹಡಿ ಆಗಲೇ ಕಟ್ಟಿಯಾಗಿದ್ದರೆ? ಆಗಲೂ ದಾರಿಗಳಿವೆ, ಬೆಂಗಳೂರಿನವರಿಗೆ ಅವು ಹೊಸತಲ್ಲ. ಅದೇ ಮನೆಗೆ ಆರು ಮಂಚ ಹಾಕಿ ಪಿಜಿ ಮಾಡಬಹುದು. ತಿಂಗಳ ಬಾಡಿಗೆಯ ಗೊಡವೆಯೇ ಬೇಡವೆಂದು ಲೀಸಿಗೆ ಕೊಟ್ಟು ದೊಡ್ಡ ಮೊತ್ತ ಒಟ್ಟಿಗೇ ಪಡೆಯಬಹುದು. ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ, ಇಲ್ಲವೇ ಸಣ್ಣ ಕಚೇರಿಗೆ ಕೊಡಬಹುದು. ಮಾರಿಬಿಡಬಹುದು, ಮಗನ ಮದುವೆಗೆ ಇರಲಿ ಎಂದು ಬೀಗ ಹಾಕಿಡಬಹುದು. ಇಟ್ಟಿಗೆ ಒಂದೂ ಕದಲಲಿಲ್ಲ, ಆದರೆ ತಿಂಗಳ ಬಾಡಿಗೆಗೆ ಸಿಗುವ ಮನೆಗಳ ಪಟ್ಟಿಯಿಂದ ಒಂದು ಮನೆ ಹೋಯಿತು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಈ ಅಂಕಿಯನ್ನು ಬಳಸುವಾಗ ಎಚ್ಚರ ಬೇಕು. ಅಷ್ಟೂ ಮನೆ ಬಾಡಿಗೆ ಕಾನೂನಿನಿಂದಲೇ ಖಾಲಿ ಬಿದ್ದವು ಎಂದರೆ ಸುಳ್ಳಾಗುತ್ತದೆ, ಅದಕ್ಕೆ ಹತ್ತು ಕಾರಣಗಳಿವೆ. ಮನೆ ಇದ್ದೂ ಬಾಡಿಗೆಗೆ ಸಿಗದಿರುವುದು ಸಾಧ್ಯ ಎಂಬುದನ್ನಷ್ಟೇ ಅದರಿಂದ ತೋರಿಸಬಹುದು, ನಾವು ಅಷ್ಟಕ್ಕೇ ನಿಲ್ಲಿಸಿದೆವು.

ಕಾಲದ ಪ್ರಶ್ನೆಗೂ ಒಂದು ಪ್ಯಾರಾ ಬೇಕಾಯಿತು. ಮಿತಿ ಬಂದ ಮೊದಲ ವರ್ಷ ಮಾಲೀಕರು ಏನನ್ನೂ ಹೆಚ್ಚು ಬದಲಿಸಲಾರರು. ಒಪ್ಪಂದಗಳು ಇನ್ನೂ ಮುಗಿದಿರುವುದಿಲ್ಲ, ಅರ್ಧ ಕಟ್ಟಿದ ಮನೆಯನ್ನು ಹಾಗೇ ಬಿಡಲಾಗುವುದಿಲ್ಲ. ಅದನ್ನು ತೋರಿಸಲು ಮೊದಲ ವರ್ಷದ ಪೂರೈಕೆಯನ್ನು ಬೇರೆ ಬರೆದೆವು: 9,000 + 50 × ಬಾಡಿಗೆ. 20 ಸಾವಿರದಲ್ಲಿ ಇದೂ 10,000 ಮನೆಯನ್ನೇ ಕೊಡುತ್ತದೆ. 16 ಸಾವಿರದಲ್ಲಿ 9,800. ಅಂದರೆ ಮೊದಲ ವರ್ಷ ಹೋಗುವುದು ಬರೀ 200 ಮನೆ, ಕೊರತೆ 1,400. ವರ್ಷಗಳು ಉರುಳಿದ ಮೇಲೆ ಅದೇ ಕೊರತೆ 2,800 ಆಗುತ್ತದೆ, ಎರಡರಷ್ಟು.

ಈ ಪ್ಯಾರಾ ಇಲ್ಲದಿದ್ದರೆ ಎದುರಾಳಿಗೆ ಒಂದು ಸುಲಭದ ಬಾಣ ಸಿಗುತ್ತದೆ: "ಇಂಥ ಊರಲ್ಲಿ ಮಿತಿ ಹಾಕಿ ಒಂದು ವರ್ಷವಾಯಿತು, ಮನೆಗಳು ಹಾಗೇ ಇವೆಯಲ್ಲ?" ಹೌದು, ಇರುತ್ತವೆ. ಲಾಭ ಮೊದಲ ತಿಂಗಳೇ ಕಾಣುತ್ತದೆ, ನಷ್ಟ ಕಾಣಲು ವರ್ಷಗಳು ಬೇಕು. ಮಿತಿ ಜನಪ್ರಿಯವಾಗುವುದೂ ಅದೇ ಕಾರಣಕ್ಕೆ.

ಭಾಷಣದಲ್ಲಿ ಸಭೆಯನ್ನು ಹಿಡಿದು ನಿಲ್ಲಿಸುವ ಅಂಕಿ ಮಾತ್ರ ಇದ್ಯಾವುದೂ ಅಲ್ಲ, ಅದು ಮೊದಲ ಸಾಲನ್ನು ಹಿಂದುಮುಂದಾಗಿ ಓದಿದಾಗ ಸಿಗುತ್ತದೆ. 8,400 ಮನೆ ಮಾತ್ರ ಇದ್ದಾಗ ಕೊನೆಯ ಮನೆಗೆ ಜನ ಎಷ್ಟರವರೆಗೆ ಕೊಡಲು ಸಿದ್ಧ? 16,000 − 300 × ಬಾಡಿಗೆ = 8,400 ಎಂದು ಬಿಡಿಸಿದರೆ ಬಾಡಿಗೆ 25,333 ರೂಪಾಯಿ. ಮಿತಿ 16,000. ನಡುವಿನ 9,333 ರೂಪಾಯಿ ಪ್ರತಿ ತಿಂಗಳೂ ದಾರಿ ಹುಡುಕುತ್ತಿರುತ್ತದೆ. ರಸೀದಿಯಲ್ಲಿ 16 ಸಾವಿರ, ಕೈಗೆ ಬೇರೆ. "ಸೋಫಾ, ಗೀಸರ್ ಇದೆ, ಅದಕ್ಕೆ ಪ್ರತ್ಯೇಕ ಬಾಡಿಗೆ." ಬ್ರೋಕರ್‌ಗೆ ಒಂದು ತಿಂಗಳ ಬದಲು ಮೂರು ತಿಂಗಳು. ಇದ್ಯಾವುದೂ ನಡೆಯದಿದ್ದರೆ ಮಾಲೀಕರು ಆರಿಸುತ್ತಾರೆ. ಒಂದು ಮನೆಗೆ ಸಾಲುಗಟ್ಟಿ ಜನ ನಿಂತಿರುವಾಗ ಯಾವ ಜಾತಿ, ಯಾವ ಊಟ, ಮದುವೆಯಾಗಿದೆಯೇ, ಯಾವ ಊರಿನವರು ಎಂದು ಕೇಳಿ ಬೇಡವೆನ್ನಲು ಅವರಿಗೆ ಏನೂ ಖರ್ಚಾಗುವುದಿಲ್ಲ. ಎಲ್ಲರಿಗೂ ಮನೆ ಸಿಗುವ 20 ಸಾವಿರದಲ್ಲಿ ಹಾಗೆ ಬೇಡವೆಂದರೆ ಮನೆ ಒಂದು ತಿಂಗಳು ಖಾಲಿ ಬೀಳುತ್ತದೆ, 20 ಸಾವಿರ ನಷ್ಟ. ಕೊರತೆ ಇದ್ದಾಗ ಆ ನಷ್ಟವೇ ಇಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷಣದಲ್ಲಿ ಇದರ ರೂಪ:

"ಮಿತಿಯ ಕಾಗದದಲ್ಲಿ ಬಾಡಿಗೆ 16 ಸಾವಿರ. ಮಿತಿ ಇಲ್ಲದಾಗ 20 ಸಾವಿರ. ಮಿತಿ ಬಂದ ಮೇಲೆ ಹೊಸದಾಗಿ ಮನೆ ಹುಡುಕುವವನು ಒಳದಾರಿಯಲ್ಲಿ ಕೊಡಬೇಕಾಗಿ ಬರಬಹುದಾದದ್ದು 25 ಸಾವಿರ. ಹಳಬರಿಗೆ ಅಗ್ಗ ಮಾಡಿದ ಕಾನೂನು ನಾಳೆ ಹುಬ್ಬಳ್ಳಿಯಿಂದ, ರಾಯಚೂರಿನಿಂದ ಮೊದಲ ಕೆಲಸಕ್ಕೆಂದು ಈ ಊರಿಗೆ ಬರುವ ಹುಡುಗಿಗೆ ಏನು ಮಾಡಿತು?"

25 ಸಾವಿರ ಎನ್ನುವಾಗ "ಬರಬಹುದಾದ" ಎಂಬ ಪದವನ್ನು ಬಿಡಬಾರದು. ಅದು ಜನ ಕೊಡಲು ಸಿದ್ಧರಿರುವ ಮೇಲಿನ ಅಂಚು. ಎಲ್ಲರೂ ಅಷ್ಟೇ ಕೊಡುತ್ತಾರೆ ಎಂದಲ್ಲ. ಅರ್ಥಶಾಸ್ತ್ರ ಬಲ್ಲ ತೀರ್ಪುಗಾರರು ಈ ವ್ಯತ್ಯಾಸವನ್ನು ತಕ್ಷಣ ಗಮನಿಸುತ್ತಾರೆ.

ಲೆಕ್ಕದ ನಂತರ ಲೋಕದ ಸಾಕ್ಷಿ ಬೇಕು. ಹತ್ತು ನಗರಗಳ ಹೆಸರು ಹೇಳುವುದಕ್ಕಿಂತ ಎರಡನ್ನು ಸರಿಯಾಗಿ ಹೇಳುವುದು ಮೇಲು. ಒಂದು ಮುಂಬೈ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ತಾತ್ಕಾಲಿಕ ಕ್ರಮವೆಂದು ಶುರುವಾದದ್ದು ದಶಕಗಳು ಉಳಿಯಿತು. ಬಂದ ಬಾಡಿಗೆಯಲ್ಲಿ ಚಾವಣಿ ರಿಪೇರಿಗೂ ಸಾಲದಾದಾಗ ಮಾಲೀಕರು ಕಟ್ಟಡಗಳ ಕಡೆ ನೋಡುವುದನ್ನೇ ಬಿಟ್ಟರು. ಕೊನೆಗೆ ರಿಪೇರಿಗಾಗಿ 1969ರಲ್ಲಿ ಸರ್ಕಾರವೇ ಕಾಯ್ದೆ ಮಾಡಿ ಮಂಡಳಿ ರಚಿಸಿ ಸೆಸ್ ವಸೂಲು ಮಾಡಬೇಕಾಯಿತು. ಆ ಹಳೆಯ ಕಟ್ಟಡಗಳು ಮಳೆಗಾಲದಲ್ಲಿ ಕುಸಿಯುವ ಸುದ್ದಿ ಇಂದಿಗೂ ಬರುತ್ತದೆ. ಒಳದಾರಿಯ ಹಣಕ್ಕೆ ಅಲ್ಲಿ ಪಗಡಿ ಎಂಬ ಹೆಸರೇ ಇದೆ. 1997ರಲ್ಲಿ ಸುಪ್ರೀಂ ಕೋರ್ಟು, ಇಷ್ಟು ಕಾಲ ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ನ್ಯಾಯವಲ್ಲ ಎಂದು ಹೇಳಿತು. ಆಮೇಲೆ ಬಂದ 1999ರ ಮಹಾರಾಷ್ಟ್ರ ಕಾಯ್ದೆ ವರ್ಷಕ್ಕೆ ನೂರಕ್ಕೆ 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿತು.

ಮುಂಬೈ ಉದಾಹರಣೆ ನಮ್ಮ ಲೆಕ್ಕಕ್ಕೆ ಇನ್ನೊಂದು ಮುಖ ಸೇರಿಸಿತು. ಅಲ್ಲಿ ಸರ್ಕಾರ ಬಾಡಿಗೆ ಇಳಿಸಲಿಲ್ಲ, ಇದ್ದಲ್ಲೇ ನಿಲ್ಲಿಸಿತು ಅಷ್ಟೇ. ನಮ್ಮ ಬಡಾವಣೆಯಲ್ಲಿ ಮಿತಿಯನ್ನು 16ರ ಬದಲು 22 ಸಾವಿರಕ್ಕೆ ಹಾಕಿದ್ದರೆ ಏನಾಗುತ್ತಿತ್ತು? ಇವತ್ತು ಏನೂ ಇಲ್ಲ, ಮಾರುಕಟ್ಟೆ ಬಾಡಿಗೆ 20 ಸಾವಿರ ತಾನೇ. "ನೋಡಿ, ಮಿತಿ ಇದೆ, ಕೊರತೆ ಇಲ್ಲ" ಎನ್ನಬಹುದು. ಈಗ ಪಕ್ಕದಲ್ಲೊಂದು ಟೆಕ್ ಪಾರ್ಕ್ ಬಂದು ಬೇಡಿಕೆ 18,800 − 300 × ಬಾಡಿಗೆ ಆಯಿತು ಎನ್ನಿ. ಮಿತಿ ಇಲ್ಲದಿದ್ದರೆ ಬಾಡಿಗೆ 24 ಸಾವಿರಕ್ಕೆ ಏರಿ, ಮನೆಗಳು 11,600 ಆಗುತ್ತಿದ್ದವು. 22 ಸಾವಿರದ ಮಿತಿ ಇದ್ದರೆ ಬೇಕೆನ್ನುವವರು 12,200, ಮನೆಗಳು 10,800, ಕೊರತೆ 1,400.

ಇಲ್ಲಿ ಗಮನಿಸಬೇಕಾದದ್ದು, ಮನೆಗಳ ಸಂಖ್ಯೆ 10,000ದಿಂದ 10,800ಕ್ಕೆ ಏರಿದೆ. "ಮಿತಿ ಇದ್ದೂ ಮನೆಗಳು ಹೆಚ್ಚಾದವಲ್ಲ" ಎಂದು ಎದುರಾಳಿ ಅಂಕಿ ತೋರಿಸಿದರೆ ಆ ಅಂಕಿ ನಿಜವೇ ಇರಬಹುದು. ಕೇಳಬೇಕಾದ ಪ್ರಶ್ನೆ, ಮಿತಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂಬುದು. 11,600. ಕಟ್ಟದೇ ಹೋದ ಆ 800 ಮನೆಗಳ ಫೋಟೋ ಯಾರೂ ತೆಗೆಯಲಾರರು, ಯಾವ ಜನಗಣತಿಯಲ್ಲೂ ಅವು ಬರುವುದಿಲ್ಲ. ಬೆಳೆಯುತ್ತಿರುವ ಊರಿನಲ್ಲಿ ಈ ಅಂಶ ಬಹಳ ಮುಖ್ಯ, ಬೆಂಗಳೂರು ಬೆಳೆಯುವುದನ್ನು ನಿಲ್ಲಿಸಿಲ್ಲ.

ಎರಡನೆಯ ಸಾಕ್ಷಿ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ 1994ರಲ್ಲಿ ಮತದಾನದ ಮೂಲಕ, 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ಅನ್ವಯವಾಯಿತು. ಅದರ ಪರಿಣಾಮವನ್ನು ರೆಬೆಕಾ ಡೈಮಂಡ್, ಟಿಮ್ ಮೆಕ್‌ಕ್ವೇಡ್, ಫ್ರಾಂಕ್ಲಿನ್ ಚಿಯಾನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದರು. 1980ರ ಗೆರೆಯ ಆಚೆ ಈಚೆ ಕಟ್ಟಿದ, ಉಳಿದಂತೆ ಒಂದೇ ತರಹದ ಕಟ್ಟಡಗಳನ್ನು ಹೋಲಿಸಲು ಸಾಧ್ಯವಾದದ್ದು ಆ ಅಧ್ಯಯನದ ಶಕ್ತಿ. ನಿಯಂತ್ರಣಕ್ಕೆ ಒಳಪಟ್ಟ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ನೂರಕ್ಕೆ 15ರಷ್ಟು ಕಡಿಮೆ ಮಾಡಿದರು. ಮಾರುವ ಫ್ಲಾಟುಗಳಾಗಿ ಬದಲಿಸಿದರು, ಇಲ್ಲವೇ ಕೆಡವಿ ಹೊಸದು ಕಟ್ಟಿದರು. ಊರಿಡೀ ಬಾಡಿಗೆ ನೂರಕ್ಕೆ 5ರಷ್ಟು ಏರಿತು. ಅದೇ ಅಧ್ಯಯನ, ನಿಯಂತ್ರಣದಿಂದ ಹಳೆಯ ಬಾಡಿಗೆದಾರರು ತಮ್ಮ ಮನೆಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚಿತು ಎಂದೂ ಹೇಳುತ್ತದೆ. ಆ ಅರ್ಧವನ್ನು ಮುಚ್ಚಿಡಬಾರದು. ಎದುರಾಳಿ ಅಧ್ಯಯನವನ್ನು ಓದಿಕೊಂಡು ಬಂದಿದ್ದರೆ ಮುಚ್ಚಿಟ್ಟದ್ದು ಅಲ್ಲೇ ಬಯಲಾಗುತ್ತದೆ. ಹೇಳಿಬಿಟ್ಟರೆ ಅದು ನಮ್ಮ ಲೆಕ್ಕಕ್ಕೇ ಹೊಂದುತ್ತದೆ: ಒಳಗಿದ್ದವರಿಗೆ ಲಾಭ, ಹೊರಗಿರುವವರಿಗೆ ನಷ್ಟ.

ಬರೆದದ್ದನ್ನು ಓದಿ ನೋಡಿದಾಗ ಐದು ನಿಮಿಷಕ್ಕೆ ಇದೆಲ್ಲ ಹಿಡಿಯದು ಎಂಬುದು ಸ್ಪಷ್ಟ. ವೇದಿಕೆಯ ಮೇಲೆ ಅಂಕಿಗಳಿರುವ ಕನ್ನಡ ಭಾಷಣ ನಿಮಿಷಕ್ಕೆ ನೂರು ಪದದ ಆಸುಪಾಸು ಸಾಗುತ್ತದೆ. ಅದಕ್ಕಿಂತ ವೇಗವಾದರೆ ಅಂಕಿ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಐನೂರು ಪದ ಎಂದರೆ ಒಂಬತ್ತು ಹತ್ತು ಅಂಕಿಗಿಂತ ಹೆಚ್ಚು ಹೊರಲಾರದು. ನಾವು ಉಳಿಸಿಕೊಂಡದ್ದು 20 ಸಾವಿರ, 16 ಸಾವಿರ, 10,000, 8,400, 1,600, 2,800, 25 ಸಾವಿರ. ಮಾಲೀಕರ ಲೆಕ್ಕದಲ್ಲಿ "37 ಸಾವಿರ ಲಾಭ, 7 ಸಾವಿರ ನಷ್ಟ" ಎಂಬ ಎರಡು ಮಾತ್ರ. ಸೂತ್ರಗಳನ್ನು ಬಾಯಲ್ಲಿ ಹೇಳುವುದೇ ಇಲ್ಲ. ಅವು ಒಂದು ಹಾಳೆಯಲ್ಲಿ ಕೈಯಲ್ಲಿರುತ್ತವೆ, ತೀರ್ಪುಗಾರರು ಕೇಳಿದರೆ ತೋರಿಸಲು. ಮೊದಲ ವರ್ಷದ ಲೆಕ್ಕ ಮತ್ತು 22 ಸಾವಿರದ ಲೆಕ್ಕ ಎರಡೂ ಪ್ರತಿವಾದದ ಚೀಟಿಗೆ ಹೋದವು.

ಪ್ರತಿವಾದಕ್ಕೆ ಸಿದ್ಧವಾಗುವಾಗ ಎರಡು ಆಕ್ಷೇಪಗಳು ನಿಜಕ್ಕೂ ಗಟ್ಟಿ ಎನ್ನಿಸಿದವು. ಉಳಿದವು ಸುಲಭದವು.

ಮೊದಲನೆಯದು: "ಮಾಲೀಕರು ಒಟ್ಟುಗೂಡಿ ಬಾಡಿಗೆ ಏರಿಸುತ್ತಿದ್ದಾರೆ, ಇದು ಸ್ಪರ್ಧೆ ಇರುವ ಮಾರುಕಟ್ಟೆಯೇ ಅಲ್ಲ." ಸಿದ್ಧಾಂತದ ಪ್ರಕಾರ ಈ ಮಾತಿಗೆ ಬೆಲೆ ಇದೆ. ಊರಿನ ಮನೆಗಳೆಲ್ಲ ಒಬ್ಬನ ಕೈಯಲ್ಲಿದ್ದರೆ ಅವನು ಬೇಕೆಂದೇ ಕೆಲವನ್ನು ಖಾಲಿ ಇಟ್ಟು ಬಾಡಿಗೆ ಏರಿಸಬಹುದು, ಆಗ ಸರಿಯಾದ ಮಟ್ಟದ ಮಿತಿ ಮನೆಗಳನ್ನು ಹೆಚ್ಚಿಸಲೂಬಹುದು. ಇದನ್ನು ಅಲ್ಲಗಳೆಯಲು ಹೋಗಬಾರದು. ಬೆಂಗಳೂರಿನ ಬಡಾವಣೆಗಳಲ್ಲಿ ಬಾಡಿಗೆಗೆ ಕೊಡುವವರು ಯಾರು ಎಂದು ಮಾತ್ರ ಕೇಳಬೇಕು. ಮೂವತ್ತು ನಲವತ್ತು ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲಿನ ಒಂದೋ ಎರಡೋ ಮನೆ ಕೊಡುವ ನಿವೃತ್ತರು, ಅಂಗಡಿಯವರು, ನೌಕರರು. ಅವರಲ್ಲಿ ಒಬ್ಬರು ಮನೆ ಖಾಲಿ ಇಟ್ಟರೆ ಊರಿನ ಬಾಡಿಗೆ ಏರುವುದಿಲ್ಲ, ಅವರ ಆದಾಯ ನಿಲ್ಲುತ್ತದೆ ಅಷ್ಟೇ.

ಎರಡನೆಯದು ಇನ್ನೂ ಗಟ್ಟಿ: "ನೀವು ಹೇಳುತ್ತಿರುವುದು ಹಳೆಯ ಕಾಲದ ಮಿತಿ. ವರ್ಷಕ್ಕೆ ಇಂತಿಷ್ಟು ಏರಿಕೆ, ಹೊಸ ಕಟ್ಟಡಕ್ಕೆ ವಿನಾಯಿತಿ, ಇದು ಇವತ್ತಿನ ಮಾದರಿ." ಕರ್ನಾಟಕದ 1999ರ ಬಾಡಿಗೆ ಕಾಯ್ದೆಯೇ ಹೊಸ ಕಟ್ಟಡಗಳಿಗೆ 15 ವರ್ಷ ವಿನಾಯಿತಿ ಕೊಡುತ್ತದೆ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಎದುರಾಳಿ ಇದನ್ನು ತೆಗೆದರೆ, ಇಂಥ ಮಿತಿಯಿಂದ ಆಗುವ ಕೇಡು ಕಡಿಮೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡು ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೊದ್ದೂ ಇದೇ ಮಾದರಿ, ಅಲ್ಲಿ ವರ್ಷವರ್ಷ ಏರಿಕೆಗೆ ಅವಕಾಶವಿತ್ತು, ಹೊಸ ಕಟ್ಟಡಗಳು ಹೊರಗಿದ್ದವು, ಆದರೂ ನೂರಕ್ಕೆ 15 ಹೋಯಿತು. ಎರಡನೆಯದಾಗಿ, ಇವತ್ತಿನ ವಿನಾಯಿತಿಯನ್ನು ನಾಳೆಯೂ ಉಳಿಸುತ್ತಾರೆ ಎಂಬ ನಂಬಿಕೆ ಕಟ್ಟುವವರಿಗೆ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಆ ಸಣ್ಣ ಕಟ್ಟಡಗಳಿಗೂ 1994ರವರೆಗೆ ವಿನಾಯಿತಿ ಇತ್ತು.

ಕೊನೆಯ ನಿಮಿಷವನ್ನು "ಹಾಗಾದರೆ ನಿಮ್ಮ ಪರಿಹಾರವೇನು?" ಎಂಬ ಪ್ರಶ್ನೆಗೆ ಮೀಸಲಿಟ್ಟೆವು. ವಿರೋಧದ ಕಡೆಯವರು ಅದಕ್ಕೆ ಉತ್ತರಿಸದೆ ಕೂತರೆ ಸಭೆಯ ಮನಸ್ಸು ಪರದ ಕಡೆ ವಾಲುತ್ತದೆ. ಇಲ್ಲೂ ಲೆಕ್ಕವೇ ಕೈಹಿಡಿಯಿತು. ಅದೇ ಬಡಾವಣೆಯಲ್ಲಿ, ಮಿತಿಯಿಲ್ಲದೆ, ಬಾಡಿಗೆ 16 ಸಾವಿರಕ್ಕೆ ಇಳಿಯಬೇಕಾದರೆ ಏನಾಗಬೇಕು? 16 ಸಾವಿರದಲ್ಲಿ 11,200 ಕುಟುಂಬಗಳಿಗೆ ಮನೆ ಬೇಕು. ಈಗಿನ ಸ್ಥಿತಿಯಲ್ಲಿ ಆ ಬಾಡಿಗೆಗೆ 8,400 ಮಾತ್ರ ಸಿಗುತ್ತವೆ. ಹಾಗಾಗಿ ಅದೇ ಬಾಡಿಗೆಗೆ ಇನ್ನೂ 2,800 ಮನೆಗಳು ಸಿಗುವಂತಾಗಬೇಕು. ಮಿತಿ ಉಂಟುಮಾಡಿದ ಕೊರತೆಯೂ 2,800. ಎರಡೂ ಒಂದೇ ಆದದ್ದು ಆಕಸ್ಮಿಕವಲ್ಲ, ಮಿತಿ ಮುಚ್ಚಿಟ್ಟ ಖಾಲಿ ಜಾಗದ ಅಳತೆಯೇ ಅದು. ಅರ್ಧ ದಾರಿ ಸಾಗಿ 1,400 ಮನೆಗಳಿಗಷ್ಟೇ ಅವಕಾಶವಾದರೂ ಬಾಡಿಗೆ 18 ಸಾವಿರಕ್ಕೆ ಇಳಿಯುತ್ತದೆ, ಬಾಡಿಗೆಗಿರುವ ಮನೆಗಳು 10,600 ಆಗುತ್ತವೆ, ಒಂದು ಕುಟುಂಬವೂ ಹೊರಗೆ ಉಳಿಯುವುದಿಲ್ಲ.

ಆ 2,800 ಮನೆ ಎಲ್ಲಿಂದ ಬರುತ್ತದೆ ಎಂದು ಮರುಪ್ರಶ್ನೆ ಬಂದರೆ ಮಾಲೀಕರ ಲೆಕ್ಕಕ್ಕೇ ಹಿಂತಿರುಗಬೇಕು. 16 ಸಾವಿರದಲ್ಲಿ ಅವರಿಗೆ ಬಿದ್ದ ನಷ್ಟ ವರ್ಷಕ್ಕೆ 7 ಸಾವಿರ. ಕಟ್ಟುವ ಖರ್ಚು 17 ಲಕ್ಷದಿಂದ 16 ಲಕ್ಷಕ್ಕೆ ಇಳಿದರೆ ಬಡ್ಡಿ 1.44 ಲಕ್ಷವಾಗಿ, 1.46 ಲಕ್ಷದ ನಿವ್ವಳ ಬಾಡಿಗೆಯಲ್ಲಿ ಎರಡು ಸಾವಿರ ಉಳಿಯುತ್ತದೆ. ನಕ್ಷೆ ಮಂಜೂರಾತಿಗೆ ಅಲೆದಾಟ ಕಡಿಮೆಯಾದರೆ, ಮೆಟ್ರೋ ನಿಲ್ದಾಣದ ಸುತ್ತ ಇನ್ನೊಂದು ಮಹಡಿಗೆ ಅನುಮತಿ ಸಿಕ್ಕಿದರೆ, ಬಾಡಿಗೆ ಕೊಡದವರ ಮೊಕದ್ದಮೆ ವರ್ಷಗಟ್ಟಲೆ ಎಳೆಯದಿದ್ದರೆ ಆ ಒಂದು ಲಕ್ಷ ಉಳಿಯುವುದು ಅಸಾಧ್ಯವಲ್ಲ. ಈ ಉತ್ತರಕ್ಕೆ ನಲವತ್ತು ಸೆಕೆಂಡು ಸಾಕು. ಅದನ್ನು ಚೀಟಿಯ ಕೊನೆಯ ಸಾಲಾಗಿ ಬರೆದು, ಎಚ್ಚರಿಕೆಯ ಗಂಟೆ ಬಾರಿಸಿದ ಮೇಲೆ ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಹೇಳಬೇಕೆಂದು ಗುರುತು ಹಾಕಿಕೊಂಡೆವು.